ಟ್ಯೂಷನ್ ಮೇಷ್ಟ್ರಿಗೆ ಒಂದು ತಿಂಗಳ ಪೋಸ್ಟ್ ಪಟ್ಟಿ: ನವೆಂಬರನ್ನು ಏನಿಟ್ಟು ತುಂಬೋದು?

ಅಶೋಕನಗರ ಗಣಿತ (ಮಂಡ್ಯ)

ಎಂಟರಿಂದ ಹತ್ತನೇ ತರಗತಿವರೆಗೆ ಗಣಿತ ಮಾತ್ರ, ಮನೆಯಲ್ಲೇ ಪಾಠ. ಈಗ 14 ಮಕ್ಕಳಿದ್ದಾರೆ, ಇನ್ನೂ ಆರು ಮಕ್ಕಳಿಗೆ ಜಾಗ ಇದೆ. ದಸರಾ ರಜೆ ಮುಗಿದು ಅರ್ಧವಾರ್ಷಿಕದ ಅಂಕಪಟ್ಟಿಗೆ ಅಪ್ಪ ಅಮ್ಮ ಸಹಿ ಹಾಕುವ ಹೊತ್ತಲ್ಲೇ ಟ್ಯೂಷನ್ ಹುಡುಕೋದು ಶುರುವಾಗುತ್ತೆ. ಅದಕ್ಕೆ ನವೆಂಬರ್ ಪೂರ್ತಿ ವಾಟ್ಸಾಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಮ್‌ಗೆ ಏನು ಹಾಕಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳೋಣ ಅಂತ ಕೂತೆ. ಮೂವತ್ತು ಮನೆ ಗೀಚಿದೆ. ತುಂಬಿದ್ದು ಒಂಬತ್ತು. ಅದರಲ್ಲಿ ನಾಲ್ಕು ಹಬ್ಬದ ಶುಭಾಶಯ, ಐದು "ಪ್ರವೇಶ ಆರಂಭವಾಗಿದೆ". ಮಿಕ್ಕ ಇಪ್ಪತ್ತೊಂದಕ್ಕೆ ಏನು ಹಾಕೋದು? ಹತ್ತನೇ ತರಗತಿಗೆ ಆ ತಿಂಗಳು ವರ್ಗ ಸಮೀಕರಣ, ಆಮೇಲೆ ತ್ರಿಕೋನಮಿತಿ ತಗೊಳ್ತೀನಿ.

ನಿವೃತ್ತ ಮೇಷ್ಟ್ರು (ಶ್ರೀರಂಗಪಟ್ಟಣ)

ವರ್ಗ ಸಮೀಕರಣಕ್ಕೆ ಹತ್ತು ದಿನ ಸಾಕು ಸರ್. ಅಪವರ್ತನ ವಿಧಾನಕ್ಕೆ ಮೂರು, ಸೂತ್ರಕ್ಕೆ ಮೂರು, ಮೂಲಗಳ ಸ್ವಭಾವಕ್ಕೆ ಒಂದು, ಹೇಳಿಕೆ ಲೆಕ್ಕಗಳಿಗೆ ಮೂರು. ತ್ರಿಕೋನಮಿತಿಗೆ ಮಿಕ್ಕ ದಿನ ಇಟ್ಟುಕೊಳ್ಳಿ. ಹೇಳಿಕೆ ಲೆಕ್ಕದಲ್ಲೇ ಮಕ್ಕಳು ಮುಗ್ಗರಿಸೋದು.

ಇನ್ನೊಂದು ಮಾತು. ನೀವು ಶಾಲೆಯಲ್ಲಿ ಕೆಲಸದಲ್ಲಿದ್ದರೆ ಈ ಯೋಚನೆಯನ್ನೇ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ.

ಅಶೋಕನಗರ ಗಣಿತ

ಶಾಲೆಯಲ್ಲಿ ಇಲ್ಲ ಸರ್, ಇದೊಂದೇ ಕೆಲಸ. ನಾನು ಕೇಳಿದ್ದು ಪಾಠದ ಪಟ್ಟಿ ಅಲ್ಲ, ಪೋಸ್ಟ್‌ಗಳ ಪಟ್ಟಿ.

ಪೋಸ್ಟರ್ ಮಂಜ (ಮಂಡ್ಯ)

ಗುರುವೇ, ಮೂವತ್ತು ಮನೆಗೆ ಮೂವತ್ತೂ ತುಂಬಲೇಬೇಕು. ದಿನಾ ಹಾಕಿದ್ರೇನೆ ಜನ ನೆನಪಿಟ್ಕಳೋದು. ಸೋಮವಾರ ಸುಭಾಷಿತ, ಮಂಗಳವಾರ ಸೂತ್ರ, ಬುಧವಾರ ರಾಮಾನುಜನ್ ಥರದವ್ರ ಫೋಟೊ, ಗುರುವಾರ ಪ್ರವೇಶ ಆರಂಭ, ಹಿಂಗೆ ವಾರಕ್ಕೊಂದ್ಸಲ ಸುತ್ತಿಸ್ಕಳಿ. ಟೆಂಪ್ಲೇಟ್ ಒಂದೇ, ಒಳಗಿನ ಅಕ್ಷರ ಮಾತ್ರ ಬದ್ಲು. ಒಂದೇ ದಿನದಲ್ಲಿ ಮೂವತ್ತೂ ಮುಗ್ಸಬೋದು ಕಣ್ರೀ.

ಒಂಟಿಕೊಪ್ಪಲ್ ಬರವಣಿಗೆ (ಮೈಸೂರು)

ಮಂಜಣ್ಣ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಬಿಟ್ಟು ಬಿಟ್ಟು ಹಾಕಿದರೆ ಜನ ಮರೆಯುತ್ತಾರೆ, ಒಂದೇ ಕೂರಿಕೆಯಲ್ಲಿ ಒಂದಷ್ಟು ಮುಗಿಸಿಡುವುದೂ ಒಳ್ಳೆಯದೇ. ಆದರೆ ಮೂವತ್ತು ಬೇಡ. ದಿನವೂ ಪಾಠ ಹೇಳುವವರಿಗೆ ಅದು ಎರಡನೇ ವಾರಕ್ಕೇ ನಿಲ್ಲುತ್ತದೆ. ನಿಂತ ಪಟ್ಟಿಗಿಂತ ನಡೆಯುವ ಹದಿನಾರು ಮೇಲು. ವಾರಕ್ಕೆ ನಾಲ್ಕು: ಮಂಗಳ, ಗುರು, ಶನಿ, ಭಾನು.

ಮನೆಗಳು ಖಾಲಿ ಉಳಿದದ್ದು ಯಾಕೆ ಅಂದರೆ ನೀವು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಕೂತಿರಿ. ಕ್ಯಾಲೆಂಡರ್ ನೋಡಿದರೆ ಹಬ್ಬವೇ ಕಾಣುತ್ತದೆ. ಮಕ್ಕಳ ನೋಟ್‌ಬುಕ್ ಎದುರಿಗಿಟ್ಟುಕೊಂಡು ಕೂತು ನೋಡಿ. ವಾರಕ್ಕೊಂದು ತಪ್ಪು ಆರಿಸಿ. ಒಂದೇ ತಪ್ಪಿನಿಂದ ಆ ವಾರದ ನಾಲ್ಕು ಪೋಸ್ಟ್, ನಾಲ್ಕೂ ಬೇರೆ ಬೇರೆ ಥರ. ಒಂದು ವಾರ ಪೂರ್ತಿ ಬಿಡಿಸಿ ತೋರಿಸುತ್ತೇನೆ.

ವರ್ಗ ಸಮೀಕರಣವನ್ನೇ ತೆಗೆದುಕೊಳ್ಳಿ. `2x² − 5x + 3 = 0`. ಇಲ್ಲಿ `b = −5`. ಸೂತ್ರದಲ್ಲಿ `−b` ಇದೆ, ಹಾಗಾಗಿ ಅಲ್ಲಿ 5 ಬರಬೇಕು. ಎಷ್ಟೋ ಮಕ್ಕಳು ಮೈನಸ್ಸನ್ನು ಒಂದೇ ಸಲ ಬರೆದು −5 ಅಂತಲೇ ಇಳಿಸುತ್ತಾರೆ. ಶೋಧಕ `25 − 24 = 1` ಸರಿಯಾಗೇ ಬರುತ್ತದೆ, ಮುಂದಿನ ಸಾಲುಗಳೂ ಅಚ್ಚುಕಟ್ಟಾಗೇ ಇರುತ್ತವೆ, ಕೊನೆಗೆ ಮೂಲಗಳು −1 ಮತ್ತು −3/2. ಸರಿಯುತ್ತರ 1 ಮತ್ತು 3/2. ನೋಡಲು ತಪ್ಪೇ ಕಾಣದ ತಪ್ಪು ಇದು, ಪೋಸ್ಟ್‌ಗೆ ಅಂಥದ್ದೇ ಬೇಕು.

ಮಂಗಳವಾರ ಆ ನಾಲ್ಕು ಸಾಲಿನ ಫೋಟೊ, ಮೇಲೆ "ಯಾವ ಸಾಲಲ್ಲಿ ತಪ್ಪಿದೆ?" ಅಂತ ಒಂದೇ ಪ್ರಶ್ನೆ. ಉತ್ತರ ಕೊಡಬೇಡಿ. ಇದು ಮಕ್ಕಳಿಗೆ. ಸ್ಟೇಟಸ್‌ನಲ್ಲಿ ಫೋಟೊ ಮಾತ್ರ ಸಾಕು. ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಕ್ವಿಜ್ ಸ್ಟಿಕರ್ ಹಾಕಿ, ಆದರೆ ಆಯ್ಕೆಗಳನ್ನು ಬಾಯಿಗೆ ಬಂದ ಹಾಗೆ ಬರೆಯಬೇಡಿ. ಒಂದು ಸರಿಯುತ್ತರ, ಒಂದು −1 ಮತ್ತು −3/2, ಇನ್ನೊಂದು "ವಾಸ್ತವ ಮೂಲಗಳಿಲ್ಲ". ಈ ಮೂರನೆಯದನ್ನು ಒತ್ತುವವರು `(−5)²` ಅನ್ನು −25 ಅಂತ ಮಾಡಿಕೊಂಡು, ಶೋಧಕ −49 ಬಂತು ಅಂದುಕೊಂಡವರು. ಯಾರು ಎಲ್ಲಿ ಜಾರುತ್ತಾರೆ ಅನ್ನುವುದು ನಿಮಗೇ ಗೊತ್ತಾಗುತ್ತದೆ, ಮುಂದಿನ ವಾರದ ವಿಷಯವೂ ಸಿಕ್ಕಿತು.

ಗುರುವಾರ ಅದರ ಉತ್ತರ, 40 ಸೆಕೆಂಡಿನ ರೀಲ್. ಮುಖ ತೋರಿಸಬೇಕಿಲ್ಲ. ಬೋರ್ಡು, ಕೈ, ಧ್ವನಿ ಸಾಕು. "ನಮಸ್ಕಾರ, ನಾನು..." ಅಂತ ಶುರು ಮಾಡಿದರೆ ಅಷ್ಟರಲ್ಲೇ ಬೆರಳು ಮೇಲಕ್ಕೆ ಸರಿಸಿರುತ್ತದೆ. ತಪ್ಪಿರುವ ಸಾಲಿನ ಮೇಲೆ ಕೆಂಪು ಸುತ್ತು ಹಾಕುವುದೇ ಮೊದಲ ದೃಶ್ಯವಾಗಲಿ.

ಶನಿವಾರದ್ದು ಪೋಷಕರಿಗೆ. ಟ್ಯೂಷನ್ ಪುಟಗಳಲ್ಲಿ ನಾನು ಅತಿ ಕಡಿಮೆ ಕಾಣುವುದು ಇದನ್ನೇ, ಫೀಸು ಕೊಡುವವರು ಮಾತ್ರ ಅವರೇ! ಲೆಕ್ಕ ಬಾರದ ತಾಯಿಯೂ ನೋಟ್‌ಬುಕ್ ನೋಡಿ ಹಿಡಿಯಬಲ್ಲ ಒಂದು ಗುರುತು ಕೊಡಿ. "ಉತ್ತರ ಬರೆದ ಮೇಲೆ ಕೆಳಗೆ ತಾಳೆ ನೋಡಿದ ಸಾಲು ಇದೆಯಾ ನೋಡಿ. x ಇದ್ದ ಕಡೆ ಉತ್ತರವನ್ನು ಇಟ್ಟು ಕೊನೆಗೆ ಸೊನ್ನೆ ಬಂದಿರಬೇಕು." ನಮ್ಮ ತಪ್ಪು ಉತ್ತರ −1 ಇಟ್ಟರೆ `2 + 5 + 3 = 10`, ಸೊನ್ನೆ ಅಲ್ಲ. ಆ ಸಾಲು ಒಂದು ಲೆಕ್ಕದಲ್ಲೂ ಇಲ್ಲದಿದ್ದರೆ ಮಗು ತಾಳೆ ನೋಡುತ್ತಿಲ್ಲ ಅಂತಾಯಿತು. ಇದನ್ನು ಐದಾರು ಸಾಲಿನ ಸಂದೇಶವಾಗಿ ಬ್ರಾಡ್‌ಕಾಸ್ಟ್ ಪಟ್ಟಿಗೆ ಕಳಿಸಿ, ಪೋಸ್ಟರ್ ಬೇಡ. ಅಕ್ಷರದಲ್ಲಿದ್ದರೆ ಒಬ್ಬರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುತ್ತಾರೆ.

ಭಾನುವಾರ ಹಗುರವಾದದ್ದು. ಪಾಠ ಮುಗಿದ ಮೇಲಿನ ಬೋರ್ಡು, ತಿದ್ದಿಟ್ಟ ಪುಸ್ತಕದ ರಾಶಿ, ಬಾಗಿಲ ಹೊರಗಿನ ಚಪ್ಪಲಿ ಸಾಲು. ಒಂದೇ ಸಾಲು ಬರಹ. ಪಾಠ ನಡೆಯುತ್ತಿರುವ ಮನೆ ಇದು ಅನ್ನುವುದಕ್ಕೆ ಇಷ್ಟು ಸಾಕು.

ಅಶೋಕನಗರ ಗಣಿತ

ಮೇಡಂ, ಇದು ಚೆನ್ನಾಗಿದೆ. ಆದರೆ ನಾಲ್ಕು ವಾರವೂ ಹೀಗೇ ಹೋದರೆ "ಆರು ಜಾಗ ಇದೆ" ಅಂತ ಹೇಳೋದು ಯಾವಾಗ?

ಒಂಟಿಕೊಪ್ಪಲ್ ಬರವಣಿಗೆ

ಮೂರನೇ ವಾರದಿಂದ. ಹದಿನಾರರಲ್ಲಿ ಮೂರೇ ಮೂರು ಸಲ.

ಮೊದಲ ವಾರ ಪೋಷಕರ ಕಡೆ ವಾಲಲಿ, ಅಂಕಪಟ್ಟಿ ಕೈಗೆ ಬಂದಿರುತ್ತದೆ. ಆ ವಾರ ಮಾತ್ರ ಶನಿವಾರದ ಜೊತೆ ಗುರುವಾರವೂ ಅವರಿಗೇ ಕೊಡಿ. ಉತ್ತರ ಪತ್ರಿಕೆ ಮನೆಗೆ ಬಂದಾಗ ಒಟ್ಟು ಅಂಕ ಬಿಟ್ಟು ಏನು ನೋಡಬೇಕು ಅಂತ. ಬಿಟ್ಟುಬಂದ ಪ್ರಶ್ನೆ ಎಷ್ಟು, ಬರೆದೂ ತಪ್ಪಾದದ್ದು ಎಷ್ಟು? ಬಿಟ್ಟುಬಂದದ್ದೇ ಹೆಚ್ಚಿದ್ದರೆ ಪಾಠ ಅರ್ಥವಾಗಿಲ್ಲ ಅಥವಾ ಸಮಯ ಸಾಲಲಿಲ್ಲ. ಬರೆದು ತಪ್ಪಾದದ್ದು ಹೆಚ್ಚಿದ್ದರೆ ಅಭ್ಯಾಸ ಸಾಲದು. ಎರಡಕ್ಕೂ ಔಷಧಿ ಬೇರೆ.

ಎರಡನೇ ವಾರ ಮೇಲೆ ಹೇಳಿದ ವರ್ಗ ಸಮೀಕರಣ. ಮೂರನೆಯದು ಅದರ ಹೇಳಿಕೆ ಲೆಕ್ಕ, ಆ ವಾರದ ಭಾನುವಾರದ ಜಾಗದಲ್ಲಿ ಮೊದಲ ಪ್ರಕಟಣೆ: "25ರೊಳಗೆ ಒಂದು ದಿನ ಮಗುವನ್ನು ಕಳಿಸಿ, ಪಾಠದಲ್ಲಿ ಕೂರಲಿ, ಆಮೇಲೆ ನಿರ್ಧರಿಸಿ." ನಾಲ್ಕನೇ ವಾರ ತ್ರಿಕೋನಮಿತಿಯ ತಪ್ಪೊಂದು, ಜೊತೆಗೆ ಎರಡು ಪ್ರಕಟಣೆ. ಹೊಸ ತಿಂಗಳ 1ನೇ ತಾರೀಕಿನಿಂದ ಸೇರಿಸುವುದು ರೂಢಿ, ಫೀಸೂ ಅಲ್ಲಿಂದಲೇ ಲೆಕ್ಕ. ಹಾಗಾಗಿ 5ನೇ ತಾರೀಕು "ಪ್ರವೇಶ ಆರಂಭ" ಹಾಕಿದರೆ "ಮುಂದಿನ ತಿಂಗಳು ನೋಡೋಣ" ಅಂತ ಮುಂದೂಡಿ ಮರೆಯುತ್ತಾರೆ. 20ರ ನಂತರ ಹಾಕಿದ್ದು ಕೆಲಸ ಮಾಡುತ್ತದೆ.

ಪ್ರಕಟಣೆಯಲ್ಲಿ ತರಗತಿ, ಮಾಧ್ಯಮ, ವಾರ, ಸಮಯ, ಬಡಾವಣೆ, ಉಳಿದ ಜಾಗ ಇಷ್ಟೂ ಇರಲಿ. "ನುರಿತ ಶಿಕ್ಷಕರಿಂದ", "ಶೇ. 100 ಫಲಿತಾಂಶ" ಬೇಡ. ಎಲ್ಲರೂ ಅದನ್ನೇ ಬರೆಯುವುದರಿಂದ ಅದನ್ನು ಯಾರೂ ಓದುವುದಿಲ್ಲ.

ಮದ್ದೂರು ಪೋಷಕ

ಒಂದನೇ ತಾರೀಕಿನ ಲೆಕ್ಕ ಸಂಬಳದವರ ಮನೆಗೆ ಸರಿ ಮೇಡಂ. ನಮ್ಮ ಕಡೆ ಅರ್ಧ ಮನೆಗಳಲ್ಲಿ ದುಡ್ಡು ಬರೋದು ಕಬ್ಬಿನ ಬಿಲ್ ಆದಾಗ, ಇಲ್ಲಾ ಹಾಲಿನ ಡೇರಿ ಬಟವಾಡೆ ದಿನ. ಅದಕ್ಕೆ ತಾರೀಕು ನೋಡಿ ಪೋಸ್ಟ್ ಹಾಕಿದ್ರೆ ಪ್ರಯೋಜನ ಇಲ್ಲ. "ಫೀಸು ಎರಡು ಕಂತಲ್ಲಿ ಕೊಡಬಹುದು" ಅಂತ ಒಂದು ಸಾಲು ಸೇರಿಸಿದ್ರೆ ಕೇಳೋಕೆ ಸಂಕೋಚ ಪಡೋವ್ರೂ ಫೋನ್ ಮಾಡ್ತಾರೆ.

ಒಂಟಿಕೊಪ್ಪಲ್ ಬರವಣಿಗೆ

ಒಪ್ಪಿದೆ. ಮೈಸೂರಿನ ಲೆಕ್ಕದಲ್ಲಿ ಬರೆದುಬಿಟ್ಟೆ. ಮಂಡ್ಯಕ್ಕೆ ಈ ಸಾಲು ಮೂರೂ ಪ್ರಕಟಣೆಯಲ್ಲಿರಲಿ.

ಪೋಸ್ಟರ್ ಮಂಜ

ಹಬ್ಬ ಪೂರ್ತಿ ಬಿಡೋದು ಹೆಂಗೆ? ಒಂದನೇ ತಾರೀಕು ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ. ಟೀಚರಾಗಿ ಅದಕ್ಕೂ ಹಾಕ್ದಿದ್ರೆ ಜನ ಏನಂದ್ಕಂಡಾರು?

ಒಂಟಿಕೊಪ್ಪಲ್ ಬರವಣಿಗೆ

ಹಾಕಲಿ, ಆದರೆ ಲೆಕ್ಕವಾಗಿ ಹಾಕಲಿ. ರಾಜ್ಯೋತ್ಸವದ ದಿನ ಎಲ್ಲರ ಸ್ಟೇಟಸ್‌ನಲ್ಲೂ ಹಳದಿ ಕೆಂಪು ಬಾವುಟವೇ. ಅದರ ನಡುವೆ ಇನ್ನೊಂದು ಬಾವುಟ ಕಾಣುವುದಿಲ್ಲ. ಕನ್ನಡ ಅಂಕಿಯಲ್ಲಿ `೨x + ೭ = ೧೯` ಅಂತ ದಪ್ಪಗೆ ಬರೆದು "x ಎಷ್ಟು? ಉತ್ತರವನ್ನೂ ಕನ್ನಡ ಅಂಕಿಯಲ್ಲೇ ಬರೆಯಿರಿ" ಅಂತ ಹಾಕಿ. ಉತ್ತರ ೬. ಎಷ್ಟೋ ಮಕ್ಕಳಿಗೆ ೬ ಯಾವುದು, ೯ ಯಾವುದು ಅಂತ ಅಪ್ಪನನ್ನು ಕೇಳಬೇಕಾಗುತ್ತದೆ, ನಮಗೆ ಬೇಕಾದ್ದೂ ಅದೇ. ಇದು ಹದಿನಾರರ ಮೇಲೆ ಒಂದು. 14ನೇ ತಾರೀಕಿಗೆ ನಾನಾದರೆ ಏನೂ ಹಾಕುವುದಿಲ್ಲ.

ಕುವೆಂಪುನಗರ ಮನೆಪಾಠ (ಮೈಸೂರು)

ನಾನು ಒಂದರಿಂದ ಐದನೇ ತರಗತಿಗೆ ಎಲ್ಲಾ ವಿಷಯ ಹೇಳಿಕೊಡ್ತೀನಿ. ಶುಲ್ಕ ಏರಿಸಬೇಕಾ ಬೇಡ್ವಾ ಅಂತ ಯೋಚನೆ. ಅಂದಹಾಗೆ ಈ ಪಟ್ಟಿ ನನಗೂ ಆಗುತ್ತಾ? ಸದ್ಯಕ್ಕೆ ಮಕ್ಕಳ ಫೋಟೊ, ಅವರು ತೆಗೆದ ಅಂಕ, ಇದನ್ನೇ ಹಾಕ್ತಿದ್ದೀನಿ. ಅಮ್ಮಂದಿರು ಖುಷಿಯಾಗ್ತಾರೆ.

ಒಂಟಿಕೊಪ್ಪಲ್ ಬರವಣಿಗೆ

ಶುಲ್ಕದ ಮಾತಿಗೆ ಬೇರೆಯದೇ ಚರ್ಚೆ ತೆಗೆಯಿರಿ ಮೇಡಂ. ಪಟ್ಟಿ ಹಾಗೇ ಆಗುವುದಿಲ್ಲ. ನಿಮ್ಮ ಮಕ್ಕಳ ಕೈಯಲ್ಲಿ ಫೋನ್ ಇರುವುದಿಲ್ಲ, ಇರಲೂಬಾರದು. ಹಾಗಾಗಿ ನಾಲ್ಕೂ ಅಮ್ಮಂದಿರಿಗೇ. ತಪ್ಪಿನ ಫೋಟೊ ಮಾತ್ರ ನಿಮಗೂ ಆಗುತ್ತದೆ: ಒತ್ತಕ್ಷರ ತಪ್ಪುವುದು, ಕಳೆಯುವಾಗ ದಶಕ ಎರವಲು ತೆಗೆದುಕೊಂಡು ಪಕ್ಕದ ಅಂಕಿ ಕಡಿಮೆ ಮಾಡಲು ಮರೆಯುವುದು.

ಫೋಟೊ ಮತ್ತು ಅಂಕದ ವಿಷಯಕ್ಕೆ ಬಂದರೆ, ಖುಷಿಯಾಗುವುದು ಅಂಕ ಬಂದ ಮಗುವಿನ ಅಮ್ಮ. ಪಕ್ಕದಲ್ಲೇ ಕೂರುವ ಮಗುವಿನ ಅಮ್ಮನೂ ಅದನ್ನೇ ನೋಡುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾನೂನು ಪಕ್ಕಕ್ಕಿಟ್ಟರೂ ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು. ನೋಟ್‌ಬುಕ್ ಫೋಟೊ ತೆಗೆಯುವಾಗಲೂ ಹೆಸರು, ಶಾಲೆ ಇರುವ ಅಂಚು ಕತ್ತರಿಸಿ. ಅದಕ್ಕಿಂತ ಸುಲಭ, ಆ ತಪ್ಪನ್ನು ನೀವೇ ಹೊಸದಾಗಿ ಬರೆಯುವುದು. ಆಗ ಯಾವ ಮಗುವಿಗೂ "ನನ್ನದೇ ಹಾಕಿದ್ದಾರೆ" ಅಂತ ನಾಚಿಕೆಯಾಗುವುದಿಲ್ಲ.

ಅಶೋಕನಗರ ಗಣಿತ

ಬರೆದು ಫೋಟೊ ತೆಗೆದು ನೋಡಿದೆ. ಮಂಕಾಗಿ ಬಂತು, ಗೆರೆಯೆಲ್ಲಾ ಕಾಣುತ್ತೆ. ಬೋರ್ಡಿನ ವಿಡಿಯೋದಲ್ಲಿ ಟ್ಯೂಬ್‌ಲೈಟ್ ಹೊಳಪು ಬಿದ್ದು ನಡುವಿನ ಸಾಲೇ ಮಾಯ.

ಪೋಸ್ಟರ್ ಮಂಜ

ಇದು ನನ್ನ ಖಾತೆ. ಗೆರೆ ಹಾಳೆ, ನೀಲಿ ಬಾಲ್‌ಪೆನ್ ಎರಡೂ ಬಿಡಿ. ಬಿಳಿ ಎ4 ಹಾಳೆ, ಕಪ್ಪು ಸ್ಕೆಚ್ ಪೆನ್, ಹಾಳೆಗೆ ಆರು ಸಾಲಿಗಿಂತ ಹೆಚ್ಚು ಬೇಡ. ಬೆಳಗ್ಗೆ ಕಿಟಕಿ ಪಕ್ಕ ನೆಲದ ಮೇಲಿಟ್ಟು, ನೆಟ್ಟಗೆ ಮೇಲಿಂದ ತೆಗೀರಿ. ನಿಮ್ಮ ನೆರಳೇ ಹಾಳೆ ಮೇಲೆ ಬಿದ್ರೆ ಕಿಟಕಿಗೆ ಎದುರಾಗಿ ನಿಂತ್ಕಳಿ.

ಹೊಳಪು ಬರೋದು ಬಿಳಿ ಬೋರ್ಡಲ್ಲಿ, ಬೋರ್ಡಿಗೆ ಎದುರಿಗಿರೋ ಲೈಟಿಂದ. ಆ ಲೈಟ್ ಆರಿಸಿ ಪಕ್ಕದ ಗೋಡೆದು ಹಾಕಿ, ಇಲ್ಲಾ ಫೋನ್ ಸ್ಟ್ಯಾಂಡನ್ನ ಒಂದಡಿ ಪಕ್ಕಕ್ಕೆ ಸರಿಸಿ. ಫ್ಯಾನ್ ಆರಿಸಿ, ಇಲ್ದಿದ್ರೆ ಧ್ವನಿ ಜೊತೆ ಗರಗರ. ರೀಲ್ ಉದ್ದಕ್ಕೆ ನಿಲ್ಸಿ ತೆಗೀಬೇಕು. ಲೆಕ್ಕ ಬೋರ್ಡಿನ ನಡುಭಾಗದಲ್ಲೇ ಇರ್ಲಿ. ಕೆಳಗಡೆ ನಿಮ್ಮ ಹೆಸರು, ವಿವರ ಬಂದು ಕೂರುತ್ತೆ, ಬಲಗಡೆ ಲೈಕ್ ಗುಂಡಿಗಳು. ಕೊನೇ ಸಾಲು ಬೋರ್ಡಿನ ತಳದಲ್ಲಿ ಬರೆದ್ರೆ ಉತ್ತರಾನೇ ಮುಚ್ಚೋಗುತ್ತೆ.

ಒಂಟಿಕೊಪ್ಪಲ್ ಬರವಣಿಗೆ

ಮಂಜಣ್ಣ ಹೇಳಿದ್ದು ನೂರಕ್ಕೆ ನೂರು. ಇನ್ನು ಭಾನುವಾರ ಬೆಳಗ್ಗೆ ಎರಡು ಗಂಟೆ ಇಟ್ಟುಕೊಂಡರೆ ಒಂದು ವಾರದ್ದು ಮುಗಿಯುತ್ತದೆ. ಇನ್‌ಸ್ಟಾಗ್ರಾಮ್ ಖಾತೆಯನ್ನು ಪ್ರೊಫೆಷನಲ್ ಮಾಡಿಕೊಂಡರೆ ರೀಲನ್ನು ಗುರುವಾರಕ್ಕೆ ಶೆಡ್ಯೂಲ್ ಮಾಡಿಡಬಹುದು. ಸ್ಟೇಟಸ್ ಮಾತ್ರ ಕೈಯಾರೆ ಹಾಕಿ.

ಆದರೆ ನಾಲ್ಕೂ ವಾರ ಒಟ್ಟಿಗೆ ಮುಗಿಸಿಡಬೇಡಿ. ತಿಂಗಳ ಪಟ್ಟಿಯಲ್ಲಿ ಪಾಠದ ಹೆಸರು, ಯಾರಿಗೆ, ಯಾವ ಥರ, ಇಷ್ಟನ್ನೇ ಬರೆದಿಡಿ, ಒಳಗಿನದು ವಾರವಾರಕ್ಕೆ ಆಗಲಿ. ಶಾಲೆಯಲ್ಲಿ ಪರೀಕ್ಷೆ ಬಂತು, ಪಾಠ ನಾಲ್ಕು ದಿನ ಹಿಂದೆ ಬಿತ್ತು ಅನ್ನಿ. ನೀವು ಇನ್ನೂ `sin`, `cos` ಹೆಸರೇ ಹೇಳಿರುವುದಿಲ್ಲ, ಸ್ಟೇಟಸ್‌ನಲ್ಲಿ ಆಗಲೇ "ತಪ್ಪು ಎಲ್ಲಿದೆ?" ಅಂತ ಬಂದಿರುತ್ತದೆ. ನಿಮ್ಮ ಮಕ್ಕಳೇ ಉತ್ತರ ಹೇಳದಿದ್ದರೆ ನೋಡುವ ಪೋಷಕರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಪಟ್ಟಿಯಲ್ಲಿ ತಾರೀಕನ್ನು ಪೆನ್ಸಿಲ್‌ನಲ್ಲಿ ಬರೆಯಿರಿ ಅನ್ನುವುದು ಅದಕ್ಕೇ.

ಅಶೋಕನಗರ ಗಣಿತ

ಶನಿವಾರದ ಸಂದೇಶವನ್ನ ಪರೀಕ್ಷೆಗೆ ಅಂತ ಇವತ್ತು 52 ಪೋಷಕರ ಬ್ರಾಡ್‌ಕಾಸ್ಟ್ ಪಟ್ಟಿಗೆ ಕಳಿಸಿದೆ. ಉತ್ತರ ಬಂದದ್ದು ಇಬ್ಬರಿಂದ. ಬರಹವೇ ಸರಿಯಿಲ್ಲವೇನೋ.

ಒಂಟಿಕೊಪ್ಪಲ್ ಬರವಣಿಗೆ

ಬರಹಕ್ಕೆ ಬೈಯುವ ಮೊದಲು ಆ ಸಂದೇಶವನ್ನು ಒತ್ತಿ ಹಿಡಿದು `Message info` ನೋಡಿ. ತಲುಪಿದವರು ಎಷ್ಟು, ಓದಿದವರು ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ.

ಅಶೋಕನಗರ ಗಣಿತ

ತಲುಪಿದ್ದೇ 19 ಜನಕ್ಕೆ!

ಒಂಟಿಕೊಪ್ಪಲ್ ಬರವಣಿಗೆ

ಮಿಕ್ಕವರಲ್ಲಿ ಹೆಚ್ಚಿನವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿಲ್ಲ. ಬ್ರಾಡ್‌ಕಾಸ್ಟ್ ತಲುಪುವುದು ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ, ಒಂದು ಪಟ್ಟಿಗೆ 256 ಜನರ ಮಿತಿ. ಸ್ಟೇಟಸ್‌ಗೂ ಅದೇ: ಅವರ ನಂಬರ್ ನಿಮ್ಮಲ್ಲಿ, ನಿಮ್ಮದು ಅವರಲ್ಲಿ, ಎರಡೂ ಇರಬೇಕು. ಹಾಗಾಗಿ ನಿಮ್ಮ ಕ್ಯಾಲೆಂಡರಿನ ಮೊದಲ ಕೆಲಸ ಪೋಸ್ಟ್ ಅಲ್ಲ. ಅಕ್ಟೋಬರ್ ಕೊನೆಯ ವಾರ ಆ 33 ಜನಕ್ಕೆ ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಿ: "ನಿಮ್ಮ ಮಗುವಿನ ಗಣಿತದ ವಿಷಯ ಈ ನಂಬರಿಂದ ತಿಳಿಸುತ್ತೇನೆ, 'ಗಣಿತ ಟ್ಯೂಷನ್' ಅಂತ ಸೇವ್ ಮಾಡಿಕೊಳ್ಳಿ." ಒಂದೇ ಸಲ 33 ಜನಕ್ಕೂ ಅಂಟಿಸಬೇಡಿ, ಗುರುತಿಲ್ಲದವರು ಬ್ಲಾಕ್ ಮಾಡಿಬಿಟ್ಟರೆ ನಂಬರಿಗೇ ತೊಂದರೆ. ದಿನಕ್ಕೆ ಐದಾರು ಸಾಕು, ಹೆಸರು ಹಾಕಿ ಬರೆಯಿರಿ. ಟ್ಯೂಷನ್ ಬೇಡ ಅಂತ ಹಿಂದೆ ಹೇಳಿದವರನ್ನು ಪಟ್ಟಿಯಿಂದಲೇ ತೆಗೆಯಿರಿ.

ಮದ್ದೂರು ಪೋಷಕ

ಸಂಜೆ ಆರಕ್ಕೆ ಮೆಸೇಜ್ ಬಂದ್ರೆ ಯಾರು ನೋಡ್ತಾರೆ? ಹಾಲು ಹಾಕೋ ಹೊತ್ತು. ಊಟ ಆದ್ಮೇಲೆ ಒಂಬತ್ತಕ್ಕೆ ಕಳಿಸಿ. ಇನ್ನೊಂದು, ಫೀಸು ಎಷ್ಟು ಅಂತ ಕೇಳಿ ಮೆಸೇಜ್ ಹಾಕಿದ್ರೆ ಮೇಷ್ಟ್ರು ಮಾರನೇ ದಿನ ಉತ್ತರ ಕೊಡ್ತಾರೆ. ಅಷ್ಟೊತ್ತಿಗೆ ಬೇರೆ ಕಡೆ ಸೇರಿಸಿರ್ತೀವಿ.

ಅಶೋಕನಗರ ಗಣಿತ

ಐದೂವರೆಯಿಂದ ಎಂಟರವರೆಗೆ ಪಾಠ, ಫೋನ್ ಒಳಗಿರುತ್ತೆ ಅಣ್ಣ.

ಒಂಟಿಕೊಪ್ಪಲ್ ಬರವಣಿಗೆ

ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ, ಅದಕ್ಕೆ ಹಣವಿಲ್ಲ. ಪಾಠದ ಸಮಯಕ್ಕೆ "ಈಗ ಪಾಠ ನಡೆಯುತ್ತಿದೆ, ಎಂಟೂವರೆಗೆ ನಾನೇ ಕರೆ ಮಾಡುತ್ತೇನೆ" ಅಂತ ತಾನೇ ಹೋಗುವ ಸಂದೇಶ ಇಡಿ. ಫೀಸಿನ ವಿವರವನ್ನು ಕ್ವಿಕ್ ರಿಪ್ಲೈ ಆಗಿ ಉಳಿಸಿಟ್ಟರೆ `/fee` ಅಂತ ಒತ್ತಿದ ಕೂಡಲೇ ಬರುತ್ತದೆ. ಲೇಬಲ್‌ನಲ್ಲಿ "ವಿಚಾರಿಸಿದವರು", "ಬಂದು ಕೂತವರು", "ಸೇರಿದವರು" ಅಂತ ಮೂರು ಮಾಡಿ.

ಪಟ್ಟಿಯ ಕೊನೆಯ ಕಾಲಂನಲ್ಲಿ ಲೈಕ್ ಬರೆಯಬೇಡಿ. ಫೋನ್ ಮಾಡಿದವರನ್ನು "ಯಾವುದನ್ನು ನೋಡಿ ಮಾಡಿದಿರಿ?" ಅಂತ ಕೇಳಿ, ಆ ಪೋಸ್ಟಿನ ಮುಂದೆ ಒಂದು ಗೀಟು ಹಾಕಿ. ಆರು ಜಾಗಕ್ಕೆ ಹತ್ತು ಹನ್ನೆರಡು ಗೀಟು ಬಂದರೂ ತಿಂಗಳು ಸಾರ್ಥಕ. ಸ್ಟೇಟಸ್‌ನಲ್ಲಿ ನೋಡುವುದು ಇಷ್ಟೇ: ಮೊದಲ ಚಿತ್ರವನ್ನು 40 ಜನ, ನಾಲ್ಕನೆಯದನ್ನು 15 ಜನ ನೋಡಿದ್ದರೆ ದಿನಕ್ಕೆ ಒಂದೆರಡಕ್ಕಿಂತ ಹೆಚ್ಚು ಹಾಕುತ್ತಿದ್ದೀರಿ ಅಂತ.

ಕುವೆಂಪುನಗರ ಮನೆಪಾಠ

ಭಾಷೆ ಯಾವುದು ಇಡ್ಬೇಕು? ನಮ್ಮ ಕಡೆ ಇಂಗ್ಲಿಷ್ ಮೀಡಿಯಂ ಮಕ್ಕಳೇ. ಕನ್ನಡದಲ್ಲಿ ಹಾಕಿದ್ರೆ "ಇವರು ಕನ್ನಡ ಮೀಡಿಯಂ ಟೀಚರ್" ಅಂದ್ಕೊಂಡು ಬಿಡ್ತಾರೆ.

ನಿವೃತ್ತ ಮೇಷ್ಟ್ರು

ಅಂದುಕೊಂಡರೆ ಅಂದುಕೊಳ್ಳಲಿ. ಶೋಧಕ ಅಂದರೆ ಅರ್ಥವಾಗದ ಮಗುವಿಗೆ ಡಿಸ್ಕ್ರಿಮಿನೆಂಟ್ ಅಂದರೂ ಅರ್ಥವಾಗದು.

ಒಂಟಿಕೊಪ್ಪಲ್ ಬರವಣಿಗೆ

ಮೇಷ್ಟ್ರೇ, ಅಷ್ಟು ಸುಲಭವಿಲ್ಲ. ನಾನು ಹೇಳುವುದು, ಲೆಕ್ಕ ಮಗುವಿನ ಪುಸ್ತಕದ ಭಾಷೆಯಲ್ಲಿ, ಪೋಷಕರ ಸಂದೇಶ ಮನೆಮಾತಲ್ಲಿ. ಆದರೆ ಮೈಸೂರಿನ ಕೆಲವು ಬಡಾವಣೆಗಳಲ್ಲಿ ಕನ್ನಡ ಸಂದೇಶಕ್ಕೂ ಇಂಗ್ಲಿಷಲ್ಲೇ ಉತ್ತರ ಬರುತ್ತದೆ. ಅಲ್ಲಿ ಯಾವುದು ಸರಿ ಅಂತ ನನಗಿನ್ನೂ ತೀರ್ಮಾನವಾಗಿಲ್ಲ.

ಪೋಸ್ಟರ್ ಮಂಜ

ಎರಡೂ ಹಾಕಿ, ಮೇಲೆ ಕನ್ನಡ ಕೆಳಗೆ ಇಂಗ್ಲಿಷ್.

ಒಂಟಿಕೊಪ್ಪಲ್ ಬರವಣಿಗೆ

ಆಗ ಆರು ಸಾಲು ಹನ್ನೆರಡಾಗುತ್ತದೆ, ಮಂಜಣ್ಣ. ನೀವೇ ಹೇಳಿದಿರಲ್ಲ, ಹಾಳೆಗೆ ಆರೇ ಅಂತ.

ಅಶೋಕನಗರ ಗಣಿತ

ನಾಳೆಯಿಂದ ದಿನಕ್ಕೆ ಆರು ಜನರಂತೆ ನಂಬರ್ ಸೇವ್ ಮಾಡಿಸ್ತೀನಿ. ರಾಜ್ಯೋತ್ಸವದ ಲೆಕ್ಕ ಬರೆದಾಯ್ತು. ಮೊದಲ ವಾರದ ಉತ್ತರ ಪತ್ರಿಕೆಯ ಸಂದೇಶವನ್ನ ಕಳಿಸೋ ಮುಂಚೆ ಇಲ್ಲಿ ಹಾಕ್ತೀನಿ, ಮದ್ದೂರಿನ ಅಣ್ಣ ಓದಿ ಅರ್ಥ ಆಯ್ತಾ ಹೇಳಬೇಕು.

ಮದ್ದೂರು ಪೋಷಕ

ಹಾಕಿ. ಒಂಬತ್ತರ ಮೇಲೆ ಹಾಕಿ.